ಹೂಜಿಯ ಕತ್ತು
(ಪ್ರೌಢಶಾಲೆಯೊಂದರ ಬೆಳಗಿನ ಸಭೆಯಲ್ಲಿ ಮಾಡಿದ ಭಾಷಣ; ಆಕಾಶವಾಣಿಯಿಂದ ಪ್ರಸಾರವಾದದ್ದು)



ಬೆಳಗಿನ ಸಭೆಯಲ್ಲಿ ಮಕ್ಕಳನ್ನು ನಿಲ್ಲಿಸಿಕೊಂಡು ಉದ್ದನೆಯ ಭಾಷಣ ಮಾಡುವುದು ಒಂದು ಬಗೆಯ ಶಿಕ್ಷೆಯೇ ಸರಿ. ನಿಮ್ಮನ್ನು ನೆರಳಿನಲ್ಲಿ ಕುಳ್ಳಿರಿಸಿ, ಮೊದಲನೆಯ ಪಾಠದ ವೇಳೆಯಲ್ಲಿ ಸ್ವಲ್ಪ ಭಾಗವನ್ನು ನನಗೆ ಬಿಟ್ಟುಕೊಟ್ಟಿರುವ ನಿಮ್ಮ ಮುಖ್ಯೋಪಾಧ್ಯಾಯರಿಗೆ ನಾನೂ ನೀವೂ ಕೃತಜ್ಞರಾಗಿರಬೇಕು. ಊಟಕ್ಕೆ ಮೊದಲು ಕೈ ತೊಳೆಯಿರಿ, ಶುದ್ಧವಾದ ನೀರನ್ನು ಕುಡಿಯಿರಿ ಎಂಬ ಎರಡು ವಾಕ್ಯಗಳನ್ನು ನೀವು ಒಂದನೆಯ ತರಗತಿಯಿಂದ ಬಾಯಿಪಾಠ ಮಾಡಿದ್ದೀರಿ. ಅವನ್ನೇ ಮತ್ತೆ ಹೇಳುವುದಕ್ಕೆ ನಾನು ಬಂದಿಲ್ಲ. ಆ ಎರಡು ವಾಕ್ಯಗಳು ನಿಜವಾಗಿ ಒಂದೇ ವಾಕ್ಯ ಎಂಬುದನ್ನು ತೋರಿಸಬೇಕೆಂಬುದು ನನ್ನ ಆಸೆ. ಕೈಯನ್ನು ಬಿಟ್ಟು ನೀರಿನ ಮಾತಿಲ್ಲ, ನೀರನ್ನು ಬಿಟ್ಟು ಕೈಯ ಮಾತಿಲ್ಲ. ಇವೆರಡೂ ಕೂಡುವ ಜಾಗ ನಿಮ್ಮ ಅಡುಗೆಮನೆಯ ಮೂಲೆಯಲ್ಲಿದೆ. ಅದು ಕುಡಿಯುವ ನೀರಿನ ಕೊಡ.

ಮೊದಲು ರೋಗದ ಮಾತು. ಅತಿಸಾರವೆಂದು ಗ್ರಂಥಗಳಲ್ಲಿಯೂ ಭೇದಿಯೆಂದು ಮನೆಗಳಲ್ಲಿಯೂ ಕರೆಯುವ ಈ ಕಾಯಿಲೆ ನಿಮಗೆ ಬಂದರೆ ಎರಡು ದಿನ ಶಾಲೆ ತಪ್ಪುತ್ತದೆ. ಅದರಿಂದ ನಿಮಗೆ ಬೇಸರವಾಗಲೇಬೇಕೆಂದೇನೂ ಇಲ್ಲ. ಆದರೆ ಇದೇ ಕಾಯಿಲೆ ನಿಮ್ಮ ಮನೆಯ ಒಂಬತ್ತು ತಿಂಗಳ ತಮ್ಮನಿಗೋ ತಂಗಿಗೋ ಬಂದರೆ ಕಥೆ ಬೇರೆ. ಅದು ಹೇಗೆಂಬುದನ್ನು ಲೆಕ್ಕ ಹಾಕಿಯೇ ನೋಡೋಣ; ಗಣಿತದ ಅಧ್ಯಾಪಕರು ಇಲ್ಲಿಯೇ ಇದ್ದಾರೆ.

ಆ ಮಗುವಿನ ತೂಕ 8 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ಭೇದಿಯಲ್ಲಿ ಹೊರಗೆ ಹೋಗುವುದು ಬಹುಮಟ್ಟಿಗೆ ನೀರು, ಅದರೊಡನೆ ಉಪ್ಪು. ದೇಹದ ತೂಕದ ಹತ್ತರಲ್ಲಿ ಒಂದು ಭಾಗದಷ್ಟು ನೀರು ಹೋಯಿತೆಂದರೆ ಪ್ರಾಣಕ್ಕೆ ಅಪಾಯ ಒದಗುತ್ತದೆ. 8 ಕಿಲೋಗ್ರಾಂನಲ್ಲಿ ಹತ್ತನೆಯ ಒಂದು ಭಾಗವೆಂದರೆ 800 ಗ್ರಾಂ. ನಾವು ಕಾಫಿಯ ಹೊತ್ತಿಗೆ ನೀರು ಕುಡಿಯುವ ಸಾಮಾನ್ಯ ಲೋಟಗಳಲ್ಲಿ ಅಳೆದರೆ ನಾಲ್ಕೇ ಲೋಟ! 60 ಕಿಲೋಗ್ರಾಂ ತೂಗುವ ದೊಡ್ಡವರು ಅದೇ ದುಃಸ್ಥಿತಿಗೆ ತಲುಪಬೇಕಾದರೆ ಅಂಥ ಮೂವತ್ತು ಲೋಟ ನೀರು ಹೋಗಬೇಕು. ದೊಡ್ಡವರು ಬಾಯಾರಿದರೆ ಎದ್ದು ನೀರು ಕುಡಿಯುತ್ತಾರೆ. ಮಗು ಅಳುತ್ತದೆ, ಅದು ಹಸಿವೆಂದೋ ಹೊಟ್ಟೆನೋವೆಂದೋ ನಾವು ಅರ್ಥ ಮಾಡುತ್ತೇವೆ. ಬೆಳಿಗ್ಗೆ ಆರಂಭವಾದ ಭೇದಿ ಸಂಜೆಯ ವೇಳೆಗೆ ನಾಲ್ಕು ಲೋಟ ನೀರನ್ನು ಕಸಿದುಕೊಳ್ಳುವುದು ಕಷ್ಟವಲ್ಲ. ಮಕ್ಕಳ ವಾರ್ಡಿನಲ್ಲಿ ಬಹಳ ವರ್ಷ ಕೆಲಸ ಮಾಡಿದ ನನಗೆ, ಬಾಗಿಲಲ್ಲಿ ತಾಯಿ ಮಗುವನ್ನು ಹೊತ್ತು ನಿಂತಾಗಲೇ ಗುಳಿಬಿದ್ದ ಕಣ್ಣು, ಕಣ್ಣೀರಿಲ್ಲದ ಅಳು ಕಾಣಿಸುತ್ತಿದ್ದವು. ಹೊಟ್ಟೆಯ ಚರ್ಮವನ್ನು ಎರಡು ಬೆರಳುಗಳಿಂದ ಮೆಲ್ಲನೆ ಎತ್ತಿ ಬಿಟ್ಟರೆ ಅದು ಥಟ್ಟನೆ ಮೊದಲಿನಂತಾಗದೆ ಮಡಿಕೆಯಾಗಿಯೇ ಉಳಿಯುತ್ತಿತ್ತು. ಅಷ್ಟಾದರೆ ಸಾಕು, ಲೆಕ್ಕ ನಾಲ್ಕು ಲೋಟದ ಹತ್ತಿರ ಬಂದಿದೆ ಎಂದು ತಿಳಿಯುತ್ತಿತ್ತು.

ಹಾಗಾದರೆ ಆ ಮಗುವಿನ ಹೊಟ್ಟೆಗೆ ರೋಗ ಎಲ್ಲಿಂದ ಬಂತು? ಉತ್ತರ ಹೇಳಲು ಸಂಕೋಚವಾಗುತ್ತದೆ; ಆದರೆ ಸಂಕೋಚದಿಂದ ಯಾವ ರೋಗವೂ ಗುಣವಾದದ್ದಿಲ್ಲ. ಅತಿಸಾರದ ರೋಗಾಣುಗಳಲ್ಲಿ ಬಹುಪಾಲು ಒಬ್ಬರ ಮಲದಿಂದ ಇನ್ನೊಬ್ಬರ ಬಾಯಿಗೆ ಪ್ರಯಾಣ ಮಾಡುತ್ತವೆ. ಅದನ್ನು ಕೇಳಿ ನೀವು ಮುಖ ಸಿಂಡರಿಸುವುದು ನನಗೆ ಕಾಣುತ್ತಿದೆ. ಅಂಥದ್ದು ನಮ್ಮ ಮನೆಯಲ್ಲಿ ಹೇಗೆ ಸಾಧ್ಯ ಎಂಬ ಪ್ರಶ್ನೆ ಸಹಜವಾದದ್ದೇ. ಕಣ್ಣಿಗೆ ಕಾಣುವಷ್ಟು ಪ್ರಮಾಣದಲ್ಲಿ ಅದು ಸಾಧ್ಯವಿಲ್ಲ, ನಿಜ. ಆದರೆ ರಕ್ತಭೇದಿಯನ್ನು ತರುವ ಷಿಗೆಲ್ಲಾ ಎಂಬ ಜಾತಿಯ ಬ್ಯಾಕ್ಟೀರಿಯಾ ಹತ್ತರಿಂದ ನೂರರಷ್ಟು ಹೊಟ್ಟೆಗೆ ಸೇರಿದರೂ ಸಾಕು, ರೋಗ ಹಿಡಿಯಬಹುದು. ಸೂಜಿಯ ಮೊನೆಯ ಮೇಲೆ ಅದಕ್ಕಿಂತ ಎಷ್ಟೋ ಹೆಚ್ಚು ಬ್ಯಾಕ್ಟೀರಿಯಾಗಳು ಕುಳಿತುಕೊಳ್ಳಬಲ್ಲವು. ಉಗುರಿನ ಸಂದಿಯೋ, ಅದು ಅವುಗಳ ಪಾಲಿಗೆ ಒಂದು ಛತ್ರವೇ ಸರಿ.

ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ದಾನದ ವಿಷಯದಲ್ಲಿ ಹೇಳುತ್ತಾರೆ. ರೋಗದ ವಿಷಯದಲ್ಲಿ ಆ ಗುಟ್ಟು ನಿಲ್ಲುವುದಿಲ್ಲ. ಶೌಚಕ್ಕೆ ಎಡಗೈ, ಊಟಕ್ಕೆ ಬಲಗೈ ಎಂದು ನಮ್ಮ ಹಿರಿಯರು ಮಾಡಿದ ಏರ್ಪಾಡಿನಲ್ಲಿ ವಿವೇಕವಿದೆ. ಆದರೆ ಶೌಚ ಮುಗಿಸಿ ಚಡ್ಡಿಯ ಗುಂಡಿ ಹಾಕುವುದಕ್ಕೂ, ಪಂಚೆ ಕಟ್ಟುವುದಕ್ಕೂ, ಚಿಲಕ ತೆಗೆಯುವುದಕ್ಕೂ ಎರಡು ಕೈಗಳೂ ಬೇಕು. ಎಡಗೈಯ ಸಂಗತಿ ಬಲಗೈಗೆ ಆ ಕ್ಷಣವೇ ತಿಳಿದುಹೋಗುತ್ತದೆ. ಇನ್ನೊಂದು ವಿಷಯ. ಎಳೆಯ ಮಗುವಿನ ಮಲವೆಂದರೆ ಅದರಲ್ಲೇನಿದೆ, ಅನ್ನ ತಿನ್ನದ ಕೂಸು ಎಂದು ನಾವು ಉದಾಸೀನ ಮಾಡುತ್ತೇವೆ. ವಾಸ್ತವ ಅದಕ್ಕೆ ವಿರುದ್ಧವಾಗಿದೆ. ಅತಿಸಾರ ಹೆಚ್ಚಾಗಿ ತಗಲುವುದು ಚಿಕ್ಕ ಮಕ್ಕಳಿಗೇ. ಆದ್ದರಿಂದ ರೋಗಾಣುಗಳು ಹೆಚ್ಚಾಗಿ ಹೊರಬೀಳುವುದೂ ಅವರಿಂದಲೇ. ಕೂಸಿನ ಬಟ್ಟೆ ಬದಲಿಸಿ, ಸೆರಗಿಗೆ ಕೈ ಒರೆಸಿಕೊಂಡು, ಅದೇ ಕೈಯಲ್ಲಿ ಇನ್ನೊಂದು ಮಗುವಿಗೆ ತುತ್ತು ಕಲಸುವಾಗ ರೋಗಕ್ಕೆ ನಾವೇ ದಾರಿ ತೋರಿಸಿದಂತಾಗುತ್ತದೆ.

ಈಗ ನೀರಿನ ಕೊಡದ ಬಳಿಗೆ ಬರೋಣ. ಈ ಮೇಜಿನ ಮೇಲೆ ಎರಡು ಪುಟ್ಟ ಸೀಸೆಗಳಿವೆ. ಮೂರು ದಿನಗಳ ಹಿಂದೆ ನನ್ನ ಕೋರಿಕೆಯಂತೆ ನಿಮ್ಮ ವಿಜ್ಞಾನದ ಅಧ್ಯಾಪಕರು ಇವನ್ನು ತುಂಬಿಟ್ಟರು. ಒಂದನ್ನು ಬೀದಿಯ ನಲ್ಲಿಯಿಂದ, ನೀರು ಸ್ವಲ್ಪ ಹೊತ್ತು ಹರಿದ ಮೇಲೆ, ನೇರವಾಗಿ ತುಂಬಿದರು. ಇನ್ನೊಂದನ್ನು ಅದೇ ದಿನ ಅದೇ ನಲ್ಲಿಯಿಂದ ನೀರು ಹಿಡಿದ ಒಂದು ಮನೆಯಲ್ಲಿ, ಸಂಜೆಯ ವೇಳೆಗೆ, ಕುಡಿಯುವ ಕೊಡದಿಂದ ತುಂಬಿದರು. ಮೊದಲನೆಯದು ಇಂದಿಗೂ ತಿಳಿಯಾಗಿಯೇ ಇದೆ. ಎರಡನೆಯದು ನೋಡಿ, ಶಾಯಿಯಂತೆ ಕಪ್ಪಾಗಿದೆ. ಹಿಂದಿನ ಸಾಲಿನವರಿಗೂ ಕಾಣುವಂತೆ ಎತ್ತಿ ಹಿಡಿಯುತ್ತೇನೆ.

ಇದು ಮಾಟಮಂತ್ರವಲ್ಲ. ಸೀಸೆಯೊಳಗೆ ಔಷಧಿಯಲ್ಲಿ ಅದ್ದಿ ಒಣಗಿಸಿದ ಒಂದು ಕಾಗದದ ಚೂರು ಮೊದಲೇ ಇರುತ್ತದೆ. ಬ್ಯಾಕ್ಟೀರಿಯಾಗಳಿಗೆ ಬೇಕಾದ ಆಹಾರ, ಗಂಧಕವುಳ್ಳ ಒಂದು ಲವಣ, ಕಬ್ಬಿಣದ ಒಂದು ಲವಣ, ಇವು ಆ ಕಾಗದದಲ್ಲಿವೆ. ಗುರುತು ಹಾಕಿದ ಗೆರೆಯವರೆಗೆ ನೀರು ತುಂಬಿ, ಮುಚ್ಚಿ, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಬೇಕು. ಕರುಳಿನಿಂದ ಬಂದ ಬ್ಯಾಕ್ಟೀರಿಯಾಗಳೊಡನೆ ಸಾಮಾನ್ಯವಾಗಿ ಇರುವ ಕೆಲವು ಜಾತಿಗಳು ಗಂಧಕವನ್ನು ಕೊಳೆತ ಮೊಟ್ಟೆಯ ವಾಸನೆಯ ಅನಿಲವಾಗಿ ಮಾರ್ಪಡಿಸುತ್ತವೆ. ಆ ಅನಿಲ ಕಬ್ಬಿಣದೊಡನೆ ಸೇರಿದರೆ ಕಪ್ಪು ಬಣ್ಣ. ಇದನ್ನು ರೂಪಿಸಿದವರು ನಮ್ಮ ದೇಶದವರೇ. ಮಾಂಜ, ಮೌರ್ಯ, ರಾವ್ ಎಂಬ ಮೂವರು ವಿಜ್ಞಾನಿಗಳು 1982ರಲ್ಲಿ ಇದನ್ನು ಪ್ರಕಟಿಸಿದರು. ಪ್ರಯೋಗಶಾಲೆಯಿಲ್ಲದ ಹಳ್ಳಿಯಲ್ಲಿಯೂ ನೀರಿಗೆ ಮಲದ ಸೋಂಕು ಇದೆಯೇ ಎಂದು ತಿಳಿಯಲು ಇದು ದಾರಿಯಾಯಿತು. ಆದರೆ ಪರೀಕ್ಷೆಯ ಮಿತಿಯನ್ನೂ ಹೇಳಬೇಕು. ಕೆಲವು ಕೊಳವೆಬಾವಿಗಳ ನೀರಿನಲ್ಲಿ ಗಂಧಕದ ಅಂಶ ಸಹಜವಾಗಿಯೇ ಇದ್ದು, ಸೋಂಕಿಲ್ಲದಿದ್ದರೂ ಸೀಸೆ ಕಪ್ಪಾಗಬಹುದು. ಕಪ್ಪಾಗದ ನೀರಿನಲ್ಲಿ ವೈರಸ್‌ಗಳು ಇಲ್ಲವೆಂದು ಈ ಸೀಸೆ ಪ್ರಮಾಣಪತ್ರ ಕೊಡುವುದಿಲ್ಲ. ಒಂದು ಮನೆಯ ಒಂದು ಸೀಸೆಯಿಂದ ಊರಿನ ತೀರ್ಪನ್ನು ಬರೆಯುವುದೂ ಸಲ್ಲದು. ಅದು ಎತ್ತುವ ಪ್ರಶ್ನೆ ಮಾತ್ರ ದೊಡ್ಡದು: ನಲ್ಲಿಯಲ್ಲಿ ತಿಳಿಯಾಗಿದ್ದ ನೀರು ಹತ್ತು ಹೆಜ್ಜೆ ನಡೆದು ಮನೆಯೊಳಗೆ ಬಂದು, ಒಂದು ಹಗಲು ಕಳೆಯುವಷ್ಟರಲ್ಲಿ ಕೆಟ್ಟದ್ದು ಹೇಗೆ?

ಆ ಮನೆಯವರು ಕೊಳಕರಲ್ಲ. ತಾಮ್ರದ ಕೊಡವನ್ನು ಹುಣಿಸೆಹಣ್ಣಿನಿಂದ ತಿಕ್ಕಿ ಫಳಫಳ ಹೊಳೆಯಿಸಿದ್ದರು. ಮೇಲೆ ತಟ್ಟೆ ಮುಚ್ಚಿತ್ತು; ತಟ್ಟೆಯ ಮೇಲೆ ಲೋಟವಿತ್ತು. ನಮ್ಮ ಮನೆಗಳ ಶಿಸ್ತು ನಿಮಗೆ ಗೊತ್ತಲ್ಲ! ಲೋಟವನ್ನು ತುಟಿಗೆ ತಾಗಿಸಬಾರದು, ಎತ್ತಿ ಕುಡಿಯಬೇಕು. ತಾಗಿಸಿದರೆ ಎಂಜಲು; ಅಜ್ಜಿಯ ಕಣ್ಣು ತಪ್ಪಿಸುವಂತಿಲ್ಲ. ಎಂಜಲಿನ ವಿಷಯದಲ್ಲಿ ಇಷ್ಟು ಎಚ್ಚರಿಕೆಯುಳ್ಳ ನಾವು, ಅದೇ ಲೋಟವನ್ನು ಕೊಡದೊಳಗೆ ಅದ್ದುವಾಗ ಅದರ ಅಂಚನ್ನು ಹಿಡಿದ ನಾಲ್ಕು ಬೆರಳುಗಳೂ ನೀರಿನಲ್ಲಿ ಮುಳುಗುತ್ತವೆ ಎಂಬುದನ್ನು ಗಮನಿಸುವುದಿಲ್ಲ. ಕೊಡ ತುಂಬಿರುವಾಗ ಉಗುರು ಮುಳುಗಿದರೆ, ಅರ್ಧಕ್ಕೆ ಇಳಿದಾಗ ಮಣಿಕಟ್ಟಿನವರೆಗೂ ಕೈ ಹೋಗುತ್ತದೆ. ತುಟಿಗೆ ಮಡಿಯಿದೆ, ಬೆರಳಿಗಿಲ್ಲ. ಐದು ಜನರ ಮನೆಯಲ್ಲಿ ಒಂದು ಹಗಲಿನಲ್ಲಿ ಹತ್ತಿಪ್ಪತ್ತು ಬಾರಿ ಬೆರಳುಗಳು ಕುಡಿಯುವ ನೀರಿನಲ್ಲಿ ಮೀಯುತ್ತವೆ. ಅಷ್ಟರಲ್ಲಿ ಒಂದು ಬಾರಿ ಸೋಪಿಲ್ಲದೆ ತೊಳೆದ ಕೈ ಹೋದರೂ ಸಾಕು, ಅಂದು ಆ ಕೊಡದಿಂದ ಕುಡಿದವರೆಲ್ಲರಿಗೂ ಅದರಲ್ಲಿ ಪಾಲು ಉಂಟು.

ಇದು ಕೇವಲ ನನ್ನ ಊಹೆಯಲ್ಲ. ಕಲ್ಕತ್ತೆಯಲ್ಲಿ ಆಗ ಕಾಲರಾ ಮತ್ತು ಕರುಳಿನ ರೋಗಗಳ ರಾಷ್ಟ್ರೀಯ ಸಂಸ್ಥೆ ಎಂಬ ಹೆಸರಿದ್ದ ಸಂಸ್ಥೆಯಿದೆ. ಅಲ್ಲಿಯ ಸಂಶೋಧಕರು ನಗರದ ಕೊಳೆಗೇರಿಗಳಲ್ಲಿ ನಡೆಸಿದ ಒಂದು ಅಧ್ಯಯನ 1986ರಲ್ಲಿ ಪ್ರಕಟವಾಯಿತು. ಒಂದು ಮನೆಯಲ್ಲಿ ಒಬ್ಬರಿಗೆ ಕಾಲರಾ ಬಂದರೆ ಉಳಿದವರಿಗೂ ಸೋಂಕು ತಗಲುವುದನ್ನು ತಡೆಯುವುದು ಹೇಗೆ ಎಂಬುದು ಪ್ರಶ್ನೆ. ಅಂಥ ಮನೆಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿನ ಮನೆಗಳಲ್ಲಿ ಕುಡಿಯುವ ನೀರಿಗೆ ಕ್ಲೋರಿನ್ ಸೇರಿಸಿದರು. ಇನ್ನೊಂದು ಗುಂಪಿಗೆ ಯಾವ ಔಷಧಿಯನ್ನೂ ಕೊಡದೆ, ನೀರು ತುಂಬಿಡುವುದಕ್ಕೆ ಒಂದೊಂದು ಮಣ್ಣಿನ ಪಾತ್ರೆಯನ್ನು ಮಾತ್ರ ಕೊಟ್ಟರು. ಅಲ್ಲಿ ಅದರ ಹೆಸರು ಸೊರಾಯಿ. ಕಿರಿದಾದ ಕತ್ತು, ದುಂಡಗಿನ ಹೊಟ್ಟೆ. ನಮ್ಮ ಅಜ್ಜಿಯರು ಬೇಸಗೆಯಲ್ಲಿ ಕಿಟಕಿಯ ಬಳಿ ಇಡುತ್ತಿದ್ದ ಹೂಜಿಯೇ ಅದು. ಮೂರನೆಯ ಗುಂಪಿನವರು ಎಂದಿನಂತೆ ಅಗಲ ಬಾಯಿಯ ಪಾತ್ರೆಗಳಲ್ಲಿಯೇ ನೀರಿಟ್ಟುಕೊಂಡರು. ಕ್ಲೋರಿನ್ ಹಾಕಿದ ಮನೆಗಳಲ್ಲಿ ಸೋಂಕು ಅರ್ಧಕ್ಕಿಂತ ಕಡಿಮೆಯಾಯಿತು, ಅದು ನಿರೀಕ್ಷಿಸಿದ್ದೇ. ಹೂಜಿಯನ್ನಷ್ಟೇ ಪಡೆದ ಮನೆಗಳಲ್ಲಿ ಸೋಂಕು, ಎಂದಿನಂತೆ ಇದ್ದ ಮನೆಗಳ ಹೆಚ್ಚುಕಡಿಮೆ ನಾಲ್ಕನೆಯ ಒಂದು ಭಾಗಕ್ಕೆ ಇಳಿಯಿತು.

ಹೂಜಿಯ ಮಣ್ಣಿನಲ್ಲಿ ಔಷಧದ ಗುಣವೇನಾದರೂ ಇತ್ತೇ? ಅದನ್ನು ಹುಡುಕಬೇಕಾಗಿಲ್ಲ. ಗುಣವಿರುವುದು ಅದರ ಕತ್ತಿನಲ್ಲಿ. ಆ ಕತ್ತಿನೊಳಗೆ ಕೈ ಹೋಗುವುದಿಲ್ಲ, ಲೋಟ ಹೋಗುವುದಿಲ್ಲ. ನೀರು ಬೇಕಾದವನು ಅದನ್ನು ಬಗ್ಗಿಸಿ ಸುರಿದುಕೊಳ್ಳಲೇಬೇಕು. ಮನುಷ್ಯ ಮರೆತರೂ ಪಾತ್ರೆ ಮರೆಯುವುದಿಲ್ಲ. ಕುಂಬಾರನು ಸೋಂಕನ್ನು ನೆನೆದು ಆ ಕತ್ತನ್ನು ಕಿರಿದು ಮಾಡಿದನೆಂದು ನಾನು ಹೇಳುವುದಿಲ್ಲ. ನೀರು ತಣ್ಣಗಿರಲಿ, ತುಳುಕದಿರಲಿ ಎಂದು ಮಾಡಿರಬಹುದು. ಆದರೂ ಅದರಿಂದ ಈ ಉಪಕಾರವೂ ಆಯಿತು. ಹೂಜಿಗೂ ಒಂದು ದೋಷವಿದೆಯೆಂಬುದನ್ನು ಮುಚ್ಚಿಡಬಾರದು. ಒಳಗೆ ಕೈ ಹೋಗದ ಪಾತ್ರೆಯನ್ನು ಒಳಗಿನಿಂದ ತಿಕ್ಕುವುದು ಕಷ್ಟ. ಬಹಳ ದಿನ ಬಿಟ್ಟರೆ ಲೋಳೆ ಕಟ್ಟುತ್ತದೆ. ಉದ್ದ ಹಿಡಿಯ ಕುಂಚದಿಂದ ಆಗಾಗ ತಿಕ್ಕಿ, ಚೆನ್ನಾಗಿ ಕುಲುಕಿ ತೊಳೆಯಬೇಕು. ಹೂಜಿಯಿಲ್ಲದವರು ಚಿಂತಿಸಬೇಕಾಗಿಲ್ಲ. ಕೆಳಗೆ ನಲ್ಲಿ ಇರುವ ಪಾತ್ರೆಯಾದರೂ ಆದೀತು. ಅದೂ ಇಲ್ಲವಾದರೆ ಕೊಡಕ್ಕೆ ಮುಚ್ಚಳ, ಪಕ್ಕದ ಮೊಳೆಗೆ ಉದ್ದ ಹಿಡಿಯ ಒಂದು ಸೌಟು. ಆ ಸೌಟು ಮೊಳೆಯನ್ನು ಬಿಟ್ಟರೆ ನೀರಿನಲ್ಲಿ, ನೀರನ್ನು ಬಿಟ್ಟರೆ ಮೊಳೆಯಲ್ಲಿ ಇರಬೇಕೇ ಹೊರತು ಕಟ್ಟೆಯ ಮೇಲೆ ಮಲಗಬಾರದು.

ನಲ್ಲಿಯಲ್ಲಿಯೇ ನೀರು ಕೆಟ್ಟಿದ್ದರೆ ಹೂಜಿ ಏನು ಮಾಡೀತು ಎಂದು ಕೇಳುವ ಜಾಣರು ನಿಮ್ಮಲ್ಲಿ ಇದ್ದಾರೆ. ಆ ಪ್ರಶ್ನೆಗೆ ಉತ್ತರ ನಮ್ಮ ನಾಡಿನಲ್ಲಿಯೇ ಇದೆ. ಹುಬ್ಬಳ್ಳಿ–ಧಾರವಾಡ ನಗರದಲ್ಲಿ 2008ರ ಸುಮಾರಿಗೆ ಕೆಲವು ವಾರ್ಡುಗಳಿಗೆ ಹಗಲೂ ರಾತ್ರಿಯೂ ಎಡೆಬಿಡದೆ ನೀರು ಕೊಡುವ ವ್ಯವಸ್ಥೆ ಆರಂಭವಾಯಿತು. ಉಳಿದ ಕಡೆಗಳಲ್ಲಿ ಆಗ ಕೆಲವು ದಿನಗಳಿಗೊಮ್ಮೆ ಕೆಲವು ಗಂಟೆ ನೀರು ಬರುತ್ತಿತ್ತು. ಎರಡು ಕಡೆಯ ನೀರನ್ನೂ ಸಂಶೋಧಕರು ಪರೀಕ್ಷಿಸಿ ಹೋಲಿಸಿದರು. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಎಡೆಬಿಡದೆ ನೀರು ಬರುವ ನಲ್ಲಿಗಳಲ್ಲಿ ಮಲದ ಸೋಂಕಿನ ಗುರುತಾದ ಬ್ಯಾಕ್ಟೀರಿಯಾ ಕಾಣುವುದೇ ಅಪರೂಪ. ಬಿಟ್ಟು ಬಿಟ್ಟು ಬರುವ ಕಡೆ ಸುಮಾರು ಮೂರರಲ್ಲಿ ಒಂದು ಮಾದರಿಯಲ್ಲಿ ಅದು ಸಿಕ್ಕಿತು.

ಎರಡು ಕಡೆಯದೂ ಶುದ್ಧೀಕರಿಸಿದ ನೀರೇ ಆಗಿರುವಾಗ ಈ ವ್ಯತ್ಯಾಸವೇಕೆ? ಕೊಳವೆಯಲ್ಲಿ ನೀರು ತುಂಬಿ ಒತ್ತಡವಿರುವವರೆಗೆ, ಎಲ್ಲಾದರೂ ಬಿರುಕಿದ್ದರೆ ಒಳಗಿನ ನೀರು ಹೊರಕ್ಕೆ ಸೋರುತ್ತದೆ. ಸರಬರಾಜು ನಿಂತು ಒತ್ತಡ ಇಳಿದ ಮೇಲೆ ಅದೇ ಬಿರುಕು ಹೊರಗಿನ ಕೊಚ್ಚೆಯನ್ನು ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಪಕ್ಕದಲ್ಲಿಯೇ ಚರಂಡಿ ಹರಿಯುತ್ತಿದ್ದರಂತೂ ಹೇಳುವುದೇ ಬೇಡ. ಆದ್ದರಿಂದಲೇ ನಿಂತ ನೀರು ಮತ್ತೆ ಬಂದಾಗ ಮೊದಲು ಬರುವ ಕದಡಿದ ನೀರು ಎಲ್ಲಕ್ಕಿಂತ ಕೆಟ್ಟದ್ದು. ಸರತಿಯಲ್ಲಿ ಮೊದಲು ನಿಂತವರು ಆ ಮೊದಲ ಕೊಡವನ್ನು ಗೆದ್ದ ಬಹುಮಾನದಂತೆ ಕುಡಿಯಲು ಇಟ್ಟುಕೊಳ್ಳುತ್ತಾರೆ. ಅದನ್ನು ಬಟ್ಟೆ ಒಗೆಯುವುದಕ್ಕೋ ಹಿತ್ತಲಿನ ಬಾಳೆಯ ಬುಡಕ್ಕೋ ಬಿಟ್ಟು, ನೀರು ತಿಳಿಯಾದ ಮೇಲೆ ಕುಡಿಯುವುದಕ್ಕೆ ಹಿಡಿಯಬೇಕು.

ಹುಬ್ಬಳ್ಳಿ–ಧಾರವಾಡದ ಕಥೆ ಅಲ್ಲಿಗೇ ಮುಗಿಯಲಿಲ್ಲ. ನಲ್ಲಿಯ ನೀರು ಅಷ್ಟು ಚೆನ್ನಾದ ಮೇಲೆ ಮಕ್ಕಳ ಭೇದಿಯೂ ನಿಂತುಹೋಗಬೇಕಾಗಿತ್ತಲ್ಲವೇ? 2015ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ಅದನ್ನೂ ನೋಡಿತು. ಬಡ ಕುಟುಂಬಗಳಲ್ಲಿ ರಕ್ತಭೇದಿ ಕಡಿಮೆಯಾದದ್ದು ಕಂಡಿತು. ಆದರೆ ಎಲ್ಲ ಮಕ್ಕಳ ಎಲ್ಲ ಬಗೆಯ ಭೇದಿಯನ್ನು ಒಟ್ಟಿಗೆ ಲೆಕ್ಕ ಹಾಕಿದಾಗ ಸ್ಪಷ್ಟವಾದ ಇಳಿತ ಕಾಣಲಿಲ್ಲ. ಇದರಿಂದ ನಿರಾಶರಾಗುವುದು ತಪ್ಪು. ಪಾಠ ಕಲಿಯುವುದು ಸರಿ. ನೀರು ಒಂದು ಬಾಗಿಲು. ಅದನ್ನು ಮುಚ್ಚಿದರೂ ರೋಗಕ್ಕೆ ಕೈಯೆಂಬ ಇನ್ನೊಂದು ಬಾಗಿಲು ತೆರೆದೇ ಇದೆ. ಅನ್ನವನ್ನು ಮುಟ್ಟುವುದೂ, ಕೂಸಿನ ಬಾಯಿಗೆ ಬೆರಳಿಡುವುದೂ, ಆಟಿಕೆಯನ್ನು ಎತ್ತಿಕೊಡುವುದೂ ಕೈಯೇ.

ಆ ಬಾಗಿಲನ್ನು ಮುಚ್ಚಿದರೆ ಎಷ್ಟು ಫಲ? ಕರಾಚಿಯ ಬಡ ಬಡಾವಣೆಗಳಲ್ಲಿ ನಡೆದ ಒಂದು ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಕೆಲವು ಮನೆಗಳಿಗೆ ಸೋಪನ್ನು ಕೊಟ್ಟು, ವಾರವಾರವೂ ಹೋಗಿ ಕೈ ತೊಳೆಯುವ ರೀತಿಯನ್ನು ಹೇಳಿಕೊಟ್ಟರು. ಆ ಮನೆಗಳಲ್ಲಿ 15 ವರ್ಷದೊಳಗಿನ ಮಕ್ಕಳ ಭೇದಿ ಅರ್ಧದಷ್ಟು ಕಡಿಮೆಯಾಯಿತು. ಕೆಲವರಿಗೆ ಸಾಮಾನ್ಯ ಸೋಪನ್ನೂ ಕೆಲವರಿಗೆ ರೋಗಾಣುಗಳನ್ನು ಕೊಲ್ಲುವ ಔಷಧಿ ಬೆರೆಸಿದ ಸೋಪನ್ನೂ ಕೊಟ್ಟಿದ್ದರು. ಎರಡರ ಫಲವೂ ಒಂದೇ. ಕೈಯ ಮೇಲೆ ಸದಾ ಒಂದು ತೆಳುವಾದ ಜಿಡ್ಡಿನ ಪದರವಿರುತ್ತದೆ. ರೋಗಾಣುಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಎಣ್ಣೆ ಕೈಯನ್ನು ಬರೀ ನೀರಿನಲ್ಲಿ ತೊಳೆದರೆ ಏನಾಗುತ್ತದೆಂದು ದೋಸೆ ತಿಂದ ಎಲ್ಲರಿಗೂ ಗೊತ್ತು. ಸೋಪು ಜಿಡ್ಡನ್ನು ಬಿಡಿಸುತ್ತದೆ, ಉಜ್ಜುವಿಕೆ ಅದನ್ನು ಮೇಲೆಬ್ಬಿಸುತ್ತದೆ, ಹರಿಯುವ ನೀರು ಅದನ್ನು ಕೊಂಡೊಯ್ಯುತ್ತದೆ. ಇಷ್ಟೇ ಅದರ ಮರ್ಮ. ಆದ್ದರಿಂದ ಬೆಲೆಬಾಳುವ ಸೋಪಿಗಾಗಿ ಅಪ್ಪನನ್ನು ಕಾಡಬೇಡಿ. ಬಟ್ಟೆ ಸೋಪಿನ ಚೂರೂ ಕೆಲಸ ಮಾಡುತ್ತದೆ.

ತೊಳೆಯುವ ಕ್ರಮದಲ್ಲಿ ಜನ ಎಡವುವುದು ಮೂರು ಕಡೆ. ಒಂದು, ಅಂಗೈಯನ್ನು ಮಾತ್ರ ಉಜ್ಜಿ ಬೆರಳತುದಿ, ಉಗುರಿನ ಸಂದಿ, ಹೆಬ್ಬೆರಳುಗಳನ್ನು ಬಿಟ್ಟುಬಿಡುವುದು. ಕೊಡದೊಳಗೆ ಮುಳುಗುವುದು ಅಂಗೈಯಲ್ಲ, ಬೆರಳತುದಿ. ಎರಡು, ಸೋಪು ಮುಟ್ಟಿದ ಕೂಡಲೇ ನೀರು ಸುರಿದುಬಿಡುವುದು. ಇಪ್ಪತ್ತು ಸೆಕೆಂಡಾದರೂ ಉಜ್ಜಬೇಕು, ಅಂದರೆ ಅವಸರವಿಲ್ಲದೆ ಒಂದರಿಂದ ಇಪ್ಪತ್ತರವರೆಗೆ ಎಣಿಸಬೇಕು. ಮೂರು, ತೊಟ್ಟಿಯಲ್ಲೋ ಬಕೀಟಿನಲ್ಲೋ ಎಲ್ಲರೂ ಕೈ ಅದ್ದಿ ತೊಳೆಯುವುದು. ಮದುವೆಮನೆಯಲ್ಲಿ ಇದನ್ನು ನೀವು ಕಂಡಿದ್ದೀರಿ. ಮೊದಲಿನವನ ಕೈಯ ಕೊಳೆ ಕೊನೆಯವನ ಕೈಗೆ ಸಂದಾಯವಾಗುತ್ತದೆ. ನಲ್ಲಿಯಿಲ್ಲದಿದ್ದರೆ ಒಬ್ಬರು ಚೊಂಬಿನಿಂದ ಸಣ್ಣಗೆ ನೀರು ಸುರಿಯಲಿ, ಇನ್ನೊಬ್ಬರು ತೊಳೆಯಲಿ. ತೊಳೆದ ಕೈಯನ್ನು ಮಾಸಿದ ಟವೆಲಿಗೆ ಒರೆಸಿ ಶ್ರಮವನ್ನು ವ್ಯರ್ಥ ಮಾಡದೆ, ಗಾಳಿಗೆ ಒಣಗಲು ಬಿಡಬಹುದು. ದಿನವೆಲ್ಲ ಕೈ ತೊಳೆಯುತ್ತಿರಬೇಕೆಂದು ನಾನು ಹೇಳುವುದಿಲ್ಲ. ಶೌಚದ ನಂತರ ಮತ್ತು ಕೂಸಿನ ಮಲ ತೊಳೆದ ನಂತರ. ಅಡುಗೆಗೆ, ಊಟಕ್ಕೆ, ಮಗುವಿಗೆ ಉಣಿಸುವುದಕ್ಕೆ ಮೊದಲು. ರೋಗ ಕೈಗೆ ಹತ್ತುವ ಗಳಿಗೆ ಒಂದು, ಕೈಯಿಂದ ಇಳಿಯುವ ಗಳಿಗೆ ಇನ್ನೊಂದು; ಈ ಎರಡನ್ನು ಕಾದರೆ ಸಾಕು. ಸೋಪು ಕಪಾಟಿನಲ್ಲಿದ್ದರೆ ಯಾರೂ ತೊಳೆಯುವುದಿಲ್ಲ. ಬಚ್ಚಲಿನ ಹೊರಗೆ ಚೊಂಬಿನ ಪಕ್ಕದಲ್ಲಿ ಅದು ಕಣ್ಣಿಗೆ ಬೀಳುವಂತಿರಬೇಕು.

ನೀರನ್ನು ಶುದ್ಧಮಾಡುವ ಎರಡು ಸುಲಭ ದಾರಿಗಳ ಬಗ್ಗೆ ಒಂದು ಮಾತು. ಕುದಿಸುವುದಾದರೆ ದೊಡ್ಡ ಗುಳ್ಳೆಗಳೆದ್ದು ಕೊತಕೊತನೆ ಕುದಿಯಬೇಕು. ಆ ಮೇಲೆ ಒಂದು ನಿಮಿಷ ಸಾಕು. ಹಬೆಯಾಡಿದ ನೀರು ಕುದಿದ ನೀರಲ್ಲ. ಕುದಿಸಿದ ನೀರಿಗೆ ತನ್ನನ್ನು ಕಾಪಾಡಿಕೊಳ್ಳುವ ಶಕ್ತಿಯೂ ಇಲ್ಲ. ಆರಿದ ಮೇಲೆ ಒಂದು ಬೆರಳು ಮುಳುಗಿದರೆ ಉರಿಸಿದ ಸೌದೆಯೆಲ್ಲ ದಂಡ. ಕ್ಲೋರಿನ್ ಮಾತ್ರೆಯಾದರೆ, ಡಬ್ಬಿಯ ಮೇಲೆ ಬರೆದಿರುವಷ್ಟು ನೀರಿಗೆ ಬರೆದಿರುವಷ್ಟೇ ಮಾತ್ರೆ ಹಾಕಿ ಅರ್ಧ ಗಂಟೆ ಕಾಯಬೇಕು. ಅದರ ವಾಸನೆಯನ್ನು ಕೆಲವರು ದೂರುತ್ತಾರೆ. ಆ ಸ್ವಲ್ಪ ವಾಸನೆಯೇ ಕಾವಲುಗಾರ ಇನ್ನೂ ಎಚ್ಚರವಾಗಿದ್ದಾನೆಂಬುದರ ಗುರುತು; ಆಮೇಲೆ ಬೀಳುವ ಅಲ್ಪಸ್ವಲ್ಪ ಸೋಂಕನ್ನೂ ಅದು ತಡೆಯುತ್ತದೆ. ಆದರೆ ಕದಡಿದ ನೀರಿನಲ್ಲಿ ಕ್ಲೋರಿನ್ನಿನ ಶಕ್ತಿಯೆಲ್ಲ ಕೆಸರಿನ ಮೇಲೆಯೇ ವ್ಯಯವಾಗುತ್ತದೆ. ಮೊದಲು ನೀರು ತಿಳಿಯಾಗಲಿ, ಬಟ್ಟೆಯಲ್ಲಿ ಸೋಸಿರಿ, ಆಮೇಲೆ ಮಾತ್ರೆ. ಬಟ್ಟೆಯ ಸೋಸುವಿಕೆಯೊಂದನ್ನೇ ನಂಬಬೇಡಿ. ಬ್ಯಾಕ್ಟೀರಿಯಾ ವೈರಸ್‌ಗಳಿಗೆ ನೂಲಿನ ಸಂದು ರಾಜಬೀದಿಯಷ್ಟು ಅಗಲ.

ಇಷ್ಟೆಲ್ಲ ಮಾಡಿದರೂ ಭೇದಿ ಬರುವುದೇ ಇಲ್ಲವೆಂದು ಭರವಸೆ ಕೊಡಲಾರೆ. ರೋಟಾವೈರಸ್ ಎಂಬುದು ಶ್ರೀಮಂತ ದೇಶಗಳ ಶುಚಿಯಾದ ಮನೆಗಳ ಮಕ್ಕಳನ್ನೂ ಬಿಡಲಿಲ್ಲ. ಅದಕ್ಕೆ ಲಸಿಕೆಯಿದೆ, 2016ರಿಂದ ನಮ್ಮ ದೇಶದ ಸಾರ್ವತ್ರಿಕ ಲಸಿಕೆಯ ಕಾರ್ಯಕ್ರಮದಲ್ಲಿ ಹಂತಹಂತವಾಗಿ ಸೇರಿತು. ಮನೆಯ ಕೂಸಿಗೆ ಅದು ಬಿದ್ದಿದೆಯೇ ಎಂದು ಕಾರ್ಡು ನೋಡಿ ಕೇಳುವಷ್ಟು ಓದು ನಿಮಗಿದೆ. ಭೇದಿ ಬಂದೇ ಬಿಟ್ಟರೆ ನೀರು ನಿಲ್ಲಿಸುವುದು ಎಲ್ಲಕ್ಕಿಂತ ದೊಡ್ಡ ಅನಾಹುತ. ಕುಡಿಸಿದಷ್ಟೂ ಹೋಗುತ್ತದೆ ಎಂದು ಮನೆಯ ಹಿರಿಯರು ಹೇಳಿದರೆ, ಆ ನಾಲ್ಕು ಲೋಟದ ಲೆಕ್ಕವನ್ನು ವಿನಯದಿಂದ ಅವರಿಗೆ ಒಪ್ಪಿಸಿ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಬನಗಾಂವಿನ ಶಿಬಿರದಲ್ಲಿ ಕಾಲರಾದಿಂದ ಸಾಯುತ್ತಿದ್ದಾಗ, ರಕ್ತನಾಳಕ್ಕೆ ಕೊಡುವ ದ್ರವ ಸಾಲದೆ ಹೋದಾಗ, ಡಾ. ದಿಲೀಪ್ ಮಹಲನಬೀಸ್ ಉಪ್ಪು ಸಕ್ಕರೆಗಳನ್ನು ಅಳೆದು ಬೆರೆಸಿದ ನೀರನ್ನು ಪೀಪಾಯಿಗಳಲ್ಲಿ ತುಂಬಿ, ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕರ ಒಳಗೆ ಇಳಿಯಿತು. ಅದೇ ಪುಡಿ ಇಂದು ಓ.ಆರ್.ಎಸ್. ಎಂಬ ಹೆಸರಿನಲ್ಲಿ ಪೊಟ್ಟಣಗಳಲ್ಲಿ ದೊರೆಯುತ್ತದೆ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚದ ತಲೆ ಸವರಿ ಅಳೆಯಬೇಕು, ಉಪ್ಪು ಹೆಚ್ಚಾದರೆ ಅಪಾಯ. ಎದೆಹಾಲನ್ನು ನಿಲ್ಲಿಸಬಾರದು. ಕಣ್ಣು ಗುಳಿಬಿದ್ದರೆ, ಮಗು ಮಂಕಾದರೆ, ಕುಡಿಯಲಾರದೆ ಹೋದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಇಂದು ಸಂಜೆ ನೀವು ಮನೆಗೆ ಹೋದಾಗ ಯಾರಿಗೂ ಉಪದೇಶ ಮಾಡಬೇಡಿ. ಮಕ್ಕಳ ಉಪದೇಶವನ್ನು ಕೇಳುವ ತಾಳ್ಮೆ ದೊಡ್ಡವರಿಗೆ ಇರುವುದಿಲ್ಲ. ದೊಡ್ಡವರ ಉಪದೇಶವನ್ನು ಕೇಳುವ ತಾಳ್ಮೆ ನಿಮಗೆ ಎಷ್ಟಿದೆಯೆಂಬುದನ್ನು ಈಗ ನೋಡುತ್ತಲೇ ಇದ್ದೇನೆ. ಸುಮ್ಮನೆ ಅಡುಗೆಮನೆಯ ಮೂಲೆಯಲ್ಲಿ ಕುಳಿತು, ಒಂದು ಗಂಟೆಯಲ್ಲಿ ಎಷ್ಟು ಬಾರಿ ಬೆರಳು ನೀರಿನಲ್ಲಿ ಮುಳುಗಿತೆಂದು ಎಣಿಸಿ, ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆದುಕೊಳ್ಳಿ. ಆ ಸಂಖ್ಯೆಯನ್ನು ಊಟದ ಹೊತ್ತಿನಲ್ಲಿ ಒಮ್ಮೆ ಗಟ್ಟಿಯಾಗಿ ಓದಿ ಹೇಳಿ. ಮರುದಿನ ಮೊಳೆಗೆ ಸೌಟು ತಾನಾಗಿಯೇ ಬಂದು ತೂಗುತ್ತದೆ.